ಏರಿಸಿ ಇಳಿಸುವ ಆಟ: ವಹಿವಾಟಿಲ್ಲದ ಸಣ್ಣ ಷೇರುಗಳ ಚಾರ್ಟ್ ಓದುವ ಬಗೆ

ಷೇರು ಪೇಟೆಯಲ್ಲಿ ದಿನಕ್ಕೆ ಲಕ್ಷಾಂತರ ಷೇರುಗಳು ಕೈ ಬದಲಿಸುವ ದೊಡ್ಡ ಕಂಪನಿಗಳಿರುವಂತೆಯೇ, ವಾರಕ್ಕೆ ನಾಲ್ಕು ಜನ ಕೊಂಡು ನಾಲ್ಕು ಜನ ಮಾರಿದರೆ ಅದೇ ಹೆಚ್ಚು ಎನ್ನಿಸುವ ನೂರಾರು ಸಣ್ಣ ಕಂಪನಿಗಳೂ ಇವೆ. ಎರಡರ ಬೆಲೆಯೂ ಮೊಬೈಲಿನ ಪರದೆಯ ಮೇಲೆ ಒಂದೇ ರೀತಿ ಕಾಣುತ್ತದೆ. ಹಸಿರು ಅಂಕಿ, ಕೆಂಪು ಅಂಕಿ, ಕೆಳಗೊಂದು ಚಾರ್ಟ್. ಆದರೆ ಮೊದಲನೆಯದರಲ್ಲಿ ಆ ಬೆಲೆ ಸಾವಿರಾರು ಜನರ ಚೌಕಾಸಿಯಿಂದ ಹುಟ್ಟಿದ್ದು. ಎರಡನೆಯದರಲ್ಲಿ ಅದು ಇಬ್ಬರ ನಡುವಿನ ಒಂದೇ ಒಂದು ವ್ಯವಹಾರದಿಂದ ಹುಟ್ಟಿದ್ದಿರಬಹುದು, ಆ ಇಬ್ಬರೂ ಒಂದೇ ಗುಂಪಿನವರೂ ಆಗಿರಬಹುದು. ಪಂಪ್ ಅಂಡ್ ಡಂಪ್ ಎಂದು ಪೇಟೆಯಲ್ಲಿ ಕರೆಯುವ ಮೋಸ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಬೆಲೆಯನ್ನು ಗಾಳಿ ತುಂಬಿ ಏರಿಸುವುದು ಪಂಪ್. ಏರಿದ ಬೆಲೆಗೆ ತಮ್ಮಲ್ಲಿರುವ ಷೇರುಗಳನ್ನೆಲ್ಲ ಹೊಸಬರ ತಲೆಗೆ ಕಟ್ಟುವುದು ಡಂಪ್. ಇದನ್ನು ನಡೆಸುವವರಿಗೆ ಪೇಟೆಯ ಮಾತಿನಲ್ಲಿ ಆಪರೇಟರ್ ಎಂದೇ ಹೆಸರು.

ಈ ಆಟಕ್ಕೆ ದೊಡ್ಡ ಕಂಪನಿಗಳು ಒಗ್ಗುವುದಿಲ್ಲ. ದಿನಕ್ಕೆ ನೂರಾರು ಕೋಟಿ ರೂಪಾಯಿ ವಹಿವಾಟಿರುವ ಷೇರಿನ ಬೆಲೆಯನ್ನು ಶೇಕಡಾ 5ರಷ್ಟು ಎತ್ತಿ ನಿಲ್ಲಿಸಬೇಕಾದರೆ ಅಷ್ಟೇ ದೊಡ್ಡ ಗಂಟು ಬೇಕು. ಬೆಲೆ ಏರಿದೊಡನೆ ಮಾರಲು ಮ್ಯೂಚುವಲ್ ಫಂಡುಗಳೂ ವಿಮಾ ಕಂಪನಿಗಳೂ ಕಾದಿರುತ್ತವೆ. ಮಾರುವವರು ಯಾರೂ ಇಲ್ಲದ ಷೇರಿನಲ್ಲಿ ಮಾತ್ರ ಸಣ್ಣ ತಳ್ಳುವಿಕೆಗೆ ದೊಡ್ಡ ಏರಿಕೆ ಸಿಗುತ್ತದೆ. ಅದರ ಲೆಕ್ಕವನ್ನು ಒಂದು ಕಲ್ಪಿತ ಕಂಪನಿಯ ಮೂಲಕ ನೋಡಿದರೆ ಬೇಗ ತಿಳಿಯುತ್ತದೆ.

ಕಂಪನಿಯ ಒಟ್ಟು ಷೇರು 1 ಕೋಟಿ, ಬೆಲೆ ₹12 ಎಂದಿಟ್ಟುಕೊಳ್ಳಬಹುದು. ಪೇಟೆ ಕಟ್ಟುವ ಬೆಲೆಯಲ್ಲಿ ಇಡೀ ಕಂಪನಿಗೆ 12 ಕೋಟಿ ರೂಪಾಯಿ. 40 ಲಕ್ಷ ಷೇರು ಪ್ರವರ್ತಕರ ಕೈಯಲ್ಲಿದೆ. ಇನ್ನು 45 ಲಕ್ಷ ಷೇರು ಹದಿನಾಲ್ಕು ಡಿಮ್ಯಾಟ್ ಖಾತೆಗಳಲ್ಲಿದೆ. ಕಾಗದದ ಮೇಲೆ ಅವರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾರ್ವಜನಿಕ ಹೂಡಿಕೆದಾರರು, ವಾಸ್ತವದಲ್ಲಿ ಎಲ್ಲವೂ ಒಂದೇ ಕೈ. ಉಳಿದ 15 ಲಕ್ಷ ಷೇರು ಎರಡು ಸಾವಿರ ಸಣ್ಣ ಹೂಡಿಕೆದಾರರಲ್ಲಿ ಹಂಚಿಹೋಗಿದೆ. ಅವರಲ್ಲಿ ಬಹಳಷ್ಟು ಜನ ಆ ಷೇರನ್ನು ಮರೆತೇ ಬಿಟ್ಟಿದ್ದಾರೆ. ದಿನಕ್ಕೆ ಸರಾಸರಿ 3,000 ಷೇರು ಕೈ ಬದಲಿಸುತ್ತದೆ. ಅಂದರೆ ದಿನದ ಇಡೀ ವಹಿವಾಟು ₹36,000. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಭಾರತದ ಪೇಟೆಗಳಲ್ಲಿ ಇಂಥ ಷೇರುಗಳಿಗೆ ದಿನದ ಏರಿಳಿತದ ಮಿತಿ ಇರುತ್ತದೆ. ಷೇರನ್ನು ಅನುಸರಿಸಿ ಅದು ಶೇಕಡಾ 2, 5, 10 ಅಥವಾ 20. ಮೇಲಿನ ಮಿತಿ ಮುಟ್ಟಿದರೆ ಅಪ್ಪರ್ ಸರ್ಕ್ಯೂಟ್, ಕೆಳಗಿನ ಮಿತಿ ಮುಟ್ಟಿದರೆ ಲೋವರ್ ಸರ್ಕ್ಯೂಟ್. ನಮ್ಮ ಉದಾಹರಣೆಯ ಷೇರಿಗೆ ಮಿತಿ ಶೇಕಡಾ 5. ಆಪರೇಟರ್ ಬೆಳಿಗ್ಗೆ ತನ್ನ ಒಂದು ಖಾತೆಯಿಂದ ಅಪ್ಪರ್ ಸರ್ಕ್ಯೂಟ್ ಬೆಲೆಗೇ ಕೊಳ್ಳುವ ಆರ್ಡರ್ ಹಾಕುತ್ತಾನೆ, ಇನ್ನೊಂದು ಖಾತೆಯಿಂದ ಅದೇ ಬೆಲೆಗೆ ಮಾರುತ್ತಾನೆ. ಬೆಲೆ ₹12 ಇದ್ದದ್ದು ₹12.60 ಆಯಿತು. ಮರುದಿನ ₹13.23. ಹೀಗೆ 30 ವಹಿವಾಟಿನ ದಿನ ಕಳೆದರೆ, ಬಡ್ಡಿಗೆ ಬಡ್ಡಿ ಸೇರಿದಂತೆ, ಬೆಲೆ ₹51 ದಾಟುತ್ತದೆ. ನಾಲ್ಕು ಪಟ್ಟಿಗೂ ಮಿಗಿಲು.

ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಬೆಲೆ ₹30 ಇರುವ ದಿನ 10,000 ಷೇರನ್ನು ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ದಾಟಿಸಿದರೆ ವಹಿವಾಟಿನ ಮೊತ್ತ 3 ಲಕ್ಷ ರೂಪಾಯಿ. ಹಣ ಗುಂಪಿನೊಳಗೇ ಉಳಿಯುತ್ತದೆ. ಹೊರಗೆ ಹೋಗುವುದು ದಲ್ಲಾಳಿ ಶುಲ್ಕ, ಸ್ಟಾಂಪ್ ಸುಂಕ ಮತ್ತು ವಹಿವಾಟು ತೆರಿಗೆ ಮಾತ್ರ. ಡೆಲಿವರಿ ವಹಿವಾಟಿಗೆ ತೆರಿಗೆ ಎರಡೂ ಕಡೆ ಶೇಕಡಾ 0.1ರಂತೆ ಒಟ್ಟು ₹600. ಅಷ್ಟು ಖರ್ಚಿನಲ್ಲಿ ಷೇರು ಒಂದೂವರೆ ರೂಪಾಯಿ ಏರಿತು, ಕಾಗದದ ಮೇಲೆ ಕಂಪನಿಯ ಮೌಲ್ಯ 1.5 ಕೋಟಿ ರೂಪಾಯಿ ಹೆಚ್ಚಿತು. ತಾವೇ ಕೊಂಡು ತಾವೇ ಮಾರುವ ಈ ಸುತ್ತಾಟಕ್ಕೆ ಸರ್ಕ್ಯುಲರ್ ಟ್ರೇಡಿಂಗ್ ಎನ್ನುತ್ತಾರೆ. ಭಾರತದಲ್ಲಿ ಅದು ಅಪರಾಧ. ಸೆಬಿಯ 2003ರ ವಂಚನೆ ತಡೆ ನಿಯಮಾವಳಿ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ.

ಇಷ್ಟಾದರೂ ಆಪರೇಟರ್ ಒಂದು ರೂಪಾಯಿಯೂ ಗಳಿಸಿಲ್ಲ. ₹51ಕ್ಕೆ ಕೊಳ್ಳುವವರು ಯಾರೂ ಇಲ್ಲ. 45 ಲಕ್ಷ ಷೇರನ್ನು ಪೇಟೆಗೆ ಸುರಿದರೆ ಬೆಲೆ ಮೊದಲ ಗಂಟೆಯಲ್ಲೇ ಕುಸಿಯುತ್ತದೆ. ಹಾಗಾಗಿ ಕೊಳ್ಳುವವರನ್ನು ಕರೆತರಬೇಕು. ಹಿಂದೆ ಈ ಕೆಲಸವನ್ನು ಮೊಬೈಲಿಗೆ ಬರುವ ಸಾಮೂಹಿಕ ಎಸ್‌ಎಂಎಸ್‌ಗಳು ಮಾಡುತ್ತಿದ್ದವು. ಈಗ ಯೂಟ್ಯೂಬ್ ವಿಡಿಯೊ, ಟೆಲಿಗ್ರಾಂ ಚಾನೆಲ್, ವಾಟ್ಸಾಪ್ ಗುಂಪುಗಳು ಮಾಡುತ್ತಿವೆ. ಪ್ರಚಾರ ಶುರುವಾಗುವುದು ಬೆಲೆ ಏರಿದ ಮೇಲೆಯೇ ಎಂಬುದನ್ನು ಗಮನಿಸಬೇಕು. ಸಿದ್ಧವಾದ ಚಾರ್ಟೇ ಪ್ರಚಾರದ ಮೊದಲ ಸಾಕ್ಷಿಯಾಗಿ ಬಳಕೆಯಾಗುತ್ತದೆ. "ಒಂದೂವರೆ ತಿಂಗಳಲ್ಲಿ ನಾಲ್ಕು ಪಟ್ಟು, ಈಗಲೂ ತಡವಾಗಿಲ್ಲ" ಎಂಬ ಮಾತಿಗೆ ಆಧಾರವಾಗಿ ತೋರಿಸುವ ಗೆರೆಯನ್ನು ಬರೆದವರೂ ಆ ಮಾತನ್ನು ಆಡಿಸುವವರೂ ಒಂದೇ ಗುಂಪು.

ಇದು ನಿಜವಾಗಿ ನಡೆದ ಬಗೆಯನ್ನು ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ನೋಡಬಹುದು. ಸೆಬಿ 2023ರ ಮಾರ್ಚ್ 2ರಂದು ಹೊರಡಿಸಿದ ಮಧ್ಯಂತರ ಆದೇಶದಲ್ಲಿ ಇದರ ವಿವರಗಳಿವೆ. ತನಿಖೆಗೆ ಒಳಪಟ್ಟ ಅವಧಿ 2022ರ ಏಪ್ರಿಲ್ 27ರಿಂದ ಸೆಪ್ಟೆಂಬರ್ 30. ಆ ಅವಧಿಯ ಮೊದಲ ಭಾಗದಲ್ಲಿ ಒಂದಕ್ಕೊಂದು ಸಂಬಂಧವಿದ್ದ ಖಾತೆಗಳು ತಮ್ಮ ತಮ್ಮಲ್ಲೇ ವಹಿವಾಟು ನಡೆಸಿ ಬೆಲೆಯನ್ನೂ ವಾಲ್ಯೂಮನ್ನೂ ಏರಿಸಿದವು. ಷೇರಿನ ಸಹಜ ವಹಿವಾಟು ತೀರ ಕಡಿಮೆ ಇದ್ದುದರಿಂದ ಸಣ್ಣ ವ್ಯವಹಾರಗಳೇ ಬೆಲೆಯನ್ನು ಮೇಲೆತ್ತಲು ಸಾಕಾದವು. ಜುಲೈ ತಿಂಗಳ ಎರಡನೇ ಭಾಗದಲ್ಲಿ 'ದಿ ಅಡ್ವೈಸರ್', 'ಮನಿವೈಸ್' ಎಂಬ ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ಕಂಪನಿ ಟಿವಿ ಕಾರ್ಯಕ್ರಮ ಬಿಟ್ಟು ಸಿನಿಮಾ ತಯಾರಿಕೆಗೆ ಹೊರಳುತ್ತಿದೆ, ನಾಲ್ಕು ಭಕ್ತಿ ಚಿತ್ರಗಳಿಗಾಗಿ ಅಮೆರಿಕದ ದೊಡ್ಡ ಸಂಸ್ಥೆಯೊಂದರ ಜೊತೆ ₹1,100 ಕೋಟಿಯ ಒಪ್ಪಂದವಾಗಿದೆ ಎಂಬುದು ಅವುಗಳ ಸಾರ. ಯಾವುದೂ ನಿಜವಾಗಿರಲಿಲ್ಲ. ವಿಡಿಯೊಗಳು ಜನರಿಗೆ ತಲುಪಲೆಂದು ಕೋಟಿಗಟ್ಟಲೆ ರೂಪಾಯಿ ಜಾಹೀರಾತಿಗೆ ಸುರಿಯಲಾಗಿತ್ತು.

ಪರಿಣಾಮವನ್ನು ಒಂದೇ ಜೋಡಿ ಅಂಕಿ ಹೇಳುತ್ತದೆ. ಆ ಕಂಪನಿಯ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಇದೇ ಹೊತ್ತಿನಲ್ಲಿ ಕೆಲವು ಪ್ರವರ್ತಕರೂ ಆಡಳಿತದ ಮುಖ್ಯಸ್ಥರೂ ಶೇಕಡಾ 1ಕ್ಕಿಂತ ಹೆಚ್ಚು ಪಾಲಿದ್ದ ಇತರ ಷೇರುದಾರರೂ ತಮ್ಮ ಪಾಲಿನ ದೊಡ್ಡ ಭಾಗವನ್ನು ಏರಿದ ಬೆಲೆಗೆ ಮಾರಿ ಹೊರನಡೆದರು ಎಂದು ಸೆಬಿ ಕಂಡುಕೊಂಡಿತು. ಮಧ್ಯಂತರ ಆದೇಶ 31 ಮಂದಿಯನ್ನು ಪೇಟೆಯಿಂದ ದೂರವಿರಿಸಿ ₹41.85 ಕೋಟಿಯನ್ನು ತಡೆಹಿಡಿಯಿತು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ ನಿರ್ಬಂಧಕ್ಕೆ ಒಳಗಾದವರ ಸಂಖ್ಯೆ 59ಕ್ಕೆ ಏರಿತು. ಅಕ್ರಮ ಲಾಭವೆಂದು ಹಿಂದಿರುಗಿಸಬೇಕಾದ ಮೊತ್ತ ಬಡ್ಡಿ ಬಿಟ್ಟು ₹58.01 ಕೋಟಿ. ಆ ಆದೇಶದಲ್ಲಿ ಒಬ್ಬೊಬ್ಬರ ಪಾತ್ರವೂ ಬೇರೆಯಾಗಿ ಕಾಣುತ್ತದೆ: ವಾಲ್ಯೂಮ್ ಹುಟ್ಟಿಸುವವರು, ಸುದ್ದಿ ಒಯ್ಯುವವರು, ಮಾರಿ ಲಾಭ ಮಾಡುವವರು. ಹೊಲದಲ್ಲಿ ಉಳುವವರು, ಬಿತ್ತುವವರು, ಕೊಯ್ಯುವವರು ಇರುವಂತೆ ಇಲ್ಲಿಯೂ ಕೆಲಸ ಹಂಚಿಹೋಗಿತ್ತು. ಕೊಯ್ಲಿಗೆ ಸಿಕ್ಕಿದ್ದು ಮಾತ್ರ ವಿಡಿಯೊ ನೋಡಿ ಕೊಂಡ ಐವತ್ತು ಸಾವಿರ ಜನರ ಉಳಿತಾಯ.

ಈ ಕಥೆ ಚಾರ್ಟಿನ ಮೇಲೆ ಬಿಡುವ ಗುರುತುಗಳನ್ನು ಕಾಲಕ್ರಮದಲ್ಲಿ, ಎಡದಿಂದ ಬಲಕ್ಕೆ ಓದುವುದು ಒಳ್ಳೆಯದು. ಹೊಸಬರು ಸಾಮಾನ್ಯವಾಗಿ ತೀರ ಬಲತುದಿಯನ್ನು, ಅಂದರೆ ಇವತ್ತಿನ ಬೆಲೆಯನ್ನು ನೋಡುತ್ತಾರೆ. ಹೆಚ್ಚಿನ ವಿಷಯ ಎಡಭಾಗದಲ್ಲಿದೆ.

ಮೊದಲು ಬರುವುದು ಸದ್ದಿಲ್ಲದ ಕಾಲ. ಆರು ತಿಂಗಳು, ಒಂದು ವರ್ಷ ಬೆಲೆಯ ಗೆರೆ ನೆಲಕ್ಕಂಟಿ ಹರಿದಿರುತ್ತದೆ. ಕೆಳಗಿನ ವಾಲ್ಯೂಮ್ ಕಂಬಗಳು ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಎರಡು ಮರೆಗಳಿವೆ. ಬಹುಪಾಲು ಚಾರ್ಟ್ ತಂತ್ರಾಂಶಗಳು ವಹಿವಾಟೇ ನಡೆಯದ ದಿನಗಳನ್ನು ಬಿಟ್ಟು ಮುಂದಿನ ದಿನವನ್ನು ಪಕ್ಕಕ್ಕೇ ಜೋಡಿಸುತ್ತವೆ. ಹಾಗಾಗಿ ಖಾಲಿ ದಿನಗಳು ಕಾಣುವುದಿಲ್ಲ, ಕೆಳಗಿನ ತಾರೀಖುಗಳನ್ನು ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಎರಡನೆಯದು, ಇತ್ತೀಚಿನ ವಾಲ್ಯೂಮ್ ಕಂಬಗಳು ಎತ್ತರಕ್ಕೆ ಬೆಳೆದಾಗ ಹಳೆಯವು ಅದಕ್ಕೆ ಹೋಲಿಸಿ ಕುಗ್ಗಿ ಮಾಯವಾಗುತ್ತವೆ. ಹಳೆಯ ದಿನದ ಮೇಲೆ ಬೆರಳಿಟ್ಟು ಅಂಕಿಯನ್ನೇ ಓದಬೇಕು. ಅದನ್ನು ಆ ದಿನದ ಬೆಲೆಯಿಂದ ಗುಣಿಸಿ ರೂಪಾಯಿಗೆ ತಿರುಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ₹36,000. ಇಂಥ ಷೇರನ್ನು ಒಬ್ಬ ಶಿಕ್ಷಕ ₹57ರಂತೆ 1,000 ಕೊಂಡರೆ ಅವರೊಬ್ಬರ ಖರೀದಿಯೇ ₹57,000. ಪ್ರಚಾರ ನಿಂತು ಷೇರು ತನ್ನ ಹಳೆಯ ಸ್ಥಿತಿಗೆ ಮರಳಿದ ದಿನ ಅವರೊಬ್ಬರು ಹಾಕಿದ ಹಣದಷ್ಟು ಕೂಡ ವಹಿವಾಟು ಆ ಷೇರಿನಲ್ಲಿ ನಡೆಯುವುದಿಲ್ಲ. ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಪ್ರಚಾರಕ್ಕೆ ಮುಂಚಿನ ತಿಂಗಳುಗಳ ದಿನದ ವಹಿವಾಟು ಎಷ್ಟು ರೂಪಾಯಿ, ಅದರಲ್ಲಿ ತನ್ನ ಖರೀದಿ ಎಷ್ಟನೇ ಒಂದು ಪಾಲು ಎಂಬುದು.

ಎರಡನೇ ಗುರುತು ಮೆಟ್ಟಿಲು. ಸಹಜವಾಗಿ ಏರುವ ಷೇರಿನ ಕ್ಯಾಂಡಲ್‌ಗೆ ಒಡಲು ಇರುತ್ತದೆ, ಮೇಲೆ ಕೆಳಗೆ ಬತ್ತಿ ಇರುತ್ತದೆ. ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು, ಮುಕ್ತಾಯಕ್ಕೆ ಮತ್ತೊಂದು. ನಾಲ್ಕು ದಿನ ಏರಿದರೆ ಎರಡು ದಿನ ಇಳಿಯುತ್ತದೆ. ಏರಿಸಿದ ಷೇರಿನಲ್ಲಿ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ ಬೆಲೆ. ಹಾಗಾಗಿ ಕ್ಯಾಂಡಲ್ ಬದಲು ಒಂದು ಅಡ್ಡಗೀಟು ಮಾತ್ರ ಮೂಡುತ್ತದೆ. ಇಂಥ ಗೀಟುಗಳು ಒಂದರ ಮೇಲೊಂದು ಸಮನಾದ ಅಂತರದಲ್ಲಿ, ಅಟ್ಟಕ್ಕೆ ಹಾಕಿದ ಏಣಿಯಂತೆ, ಹತ್ತು ಇಪ್ಪತ್ತು ದಿನ ಸಾಗುತ್ತವೆ. ಕೆಳಗೆ ವಾಲ್ಯೂಮ್ ಇನ್ನೂ ಸಣ್ಣದೇ. ನಿಫ್ಟಿ, ಸೆನ್ಸೆಕ್ಸ್ ಏನಾದರೂ ಆಗಲಿ, ಈ ಷೇರಿಗೆ ಅದರ ಪರಿವೆಯಿಲ್ಲ. ಬೆಲೆಪಟ್ಟಿ ತೆರೆದರೆ ಕೊಳ್ಳುವವರ ಕಡೆ ಒಂದೇ ಬೆಲೆಗೆ ಲಕ್ಷಗಟ್ಟಲೆ ಷೇರಿನ ಬೇಡಿಕೆ, ಮಾರುವವರ ಕಡೆ ಸೊನ್ನೆ. ಹೊಸಬರಿಗೆ ಇದು ಭಾರೀ ಬೇಡಿಕೆಯಂತೆ ಕಾಣುತ್ತದೆ. ಆದರೆ ಆ ಬೇಡಿಕೆಯ ಆರ್ಡರ್ ಹಾಕಿದವರಿಗೆ ಅದು ಪೂರೈಕೆಯಾಗದು ಎಂಬುದು ಮೊದಲೇ ಗೊತ್ತಿರುತ್ತದೆ, ಏಕೆಂದರೆ ಮಾರಬಲ್ಲ ಷೇರುಗಳೂ ಅವರ ಕೈಯಲ್ಲೇ ಇವೆ.

ಈ ಹಂತದಲ್ಲಿ ಚಾರ್ಟಿನ ಸೂಚಕಗಳು ಓದುಗರಿಗೆ ಕೈಕೊಡುತ್ತವೆ. ಆರ್‌ಎಸ್‌ಐ ಎಂಬುದು ಕಳೆದ 14 ದಿನಗಳ ಏರಿಕೆಯನ್ನೂ ಇಳಿಕೆಯನ್ನೂ ಹೋಲಿಸಿ 0ಯಿಂದ 100ರ ನಡುವಿನ ಅಂಕ ಕೊಡುವ ಸೂಚಕ. ಇಳಿದ ದಿನವೇ ಇಲ್ಲದಿದ್ದರೆ ಅದು 100ರತ್ತ ಏರಿ ಅಲ್ಲೇ ನಿಲ್ಲುತ್ತದೆ. 50 ದಿನದ ಸರಾಸರಿ 200 ದಿನದ ಸರಾಸರಿಯನ್ನು ದಾಟುವುದಕ್ಕೆ ಗೋಲ್ಡನ್ ಕ್ರಾಸ್ ಎಂದು ಹೆಸರು, ಪ್ರಚಾರದ ವಿಡಿಯೊಗಳಲ್ಲಿ ಅದಕ್ಕೆ ವಿಶೇಷ ಮರ್ಯಾದೆ. ಬೆಲೆಯನ್ನು ಯಾರು ಹೇಗೆ ಏರಿಸಿದರೂ ಸರಾಸರಿಗಳು ದಾಟಲೇಬೇಕು, ಅದು ಬರೀ ಲೆಕ್ಕ. ಬ್ರೇಕ್‌ಔಟ್, ವರ್ಷದ ಗರಿಷ್ಠ ಬೆಲೆ, ಎಲ್ಲವೂ ಹೀಗೆಯೇ. ಈ ಸೂಚಕಗಳೆಲ್ಲ ಬೆಲೆಯಿಂದ ಹುಟ್ಟಿದವು, ಬೆಲೆ ಹುಸಿಯಾದರೆ ಅವುಗಳ ಸಾಕ್ಷಿಯೂ ಹುಸಿ. ಬೆಲೆ ಸಾವಿರಾರು ಜನರ ತೀರ್ಮಾನ ಎಂಬ ನಂಬಿಕೆಯ ಮೇಲೆ ಚಾರ್ಟ್ ಓದುವ ವಿದ್ಯೆ ನಿಂತಿದೆ, ಆ ನಂಬಿಕೆ ಸಲ್ಲದ ಷೇರಿನಲ್ಲಿ ಆ ವಿದ್ಯೆಯನ್ನು ಬಳಸುವುದೇ ತಪ್ಪು.

ಡೆಲಿವರಿ ಶೇಕಡಾವಾರು ಎಂಬ ಅಂಕಿಯನ್ನೂ ಇದೇ ರೀತಿ ತಪ್ಪಾಗಿ ಓದಲಾಗುತ್ತದೆ. ಅದೇ ದಿನ ಕೊಂಡು ಮಾರದೆ, ಷೇರನ್ನು ಖಾತೆಗೆ ಪಡೆದುಕೊಂಡವರ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಪಾಲು ಹೆಚ್ಚಿದ್ದರೆ ಗಟ್ಟಿ ಕೊಳ್ಳುವವರಿದ್ದಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಬಿಎಸ್‌ಇಯ ಟಿ ಗುಂಪಿನಂಥ ಟ್ರೇಡ್ ಟು ಟ್ರೇಡ್ ವಿಭಾಗದಲ್ಲಿ ಅದೇ ದಿನ ಕೊಂಡು ಮಾರುವುದಕ್ಕೆ ಅವಕಾಶವೇ ಇಲ್ಲ, ಪ್ರತಿ ವ್ಯವಹಾರವೂ ಡೆಲಿವರಿಯೇ. ಅಲ್ಲಿ ಶೇಕಡಾ 100 ಎಂಬುದು ನಿಯಮದ ಫಲ, ನಂಬಿಕೆಯ ಗುರುತಲ್ಲ. ಆ ವಿಭಾಗದಲ್ಲಿ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮನಸ್ಸು ಬದಲಿಸಿದವರಿಗೂ ಆ ದಿನ ಬಿಡುಗಡೆಯಿಲ್ಲ.

ಮೂರನೆಯ ಗುರುತು ಎಲ್ಲಕ್ಕಿಂತ ಮುಖ್ಯವಾದದ್ದು. ಕಣ್ಣಿಗೆ ಅತ್ಯಂತ ಹಿತವಾಗಿ ಕಾಣುವುದರಿಂದಲೇ ಅದು ಅಪಾಯಕಾರಿಯೂ ಹೌದು. ಪ್ರಚಾರ ಶುರುವಾದೊಡನೆ ಏಣಿ ಮುಗಿದು ಸಹಜವೆನಿಸುವ ಕ್ಯಾಂಡಲ್‌ಗಳು ಬರುತ್ತವೆ. ಮಾರುವವರೂ ಕಾಣಿಸಿಕೊಳ್ಳುತ್ತಾರೆ. ವಾಲ್ಯೂಮ್ 3,000ದಿಂದ ಆರು ಲಕ್ಷಕ್ಕೆ ಜಿಗಿಯುತ್ತದೆ. ಹಿಂದೆ ಸಿಗುತ್ತಲೇ ಇರದ ಷೇರು ಈಗ ಕೇಳಿದವರಿಗೆಲ್ಲ ಸಿಗುತ್ತಿದೆ. ಹೊಸಬರು ಇದನ್ನು ಆಸಕ್ತಿ ಹೆಚ್ಚಿದ ಲಕ್ಷಣ ಎಂದು ತಿಳಿಯುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ಷೇರುಗಳನ್ನು ಮಾರುತ್ತಿರುವವರು ಯಾರು? ಹಳೆಯ ಸಣ್ಣ ಹೂಡಿಕೆದಾರರ ಬಳಿ ಇದ್ದದ್ದು ಒಟ್ಟು 15 ಲಕ್ಷ. ಮೂರು ದಿನದಲ್ಲಿ ಅದಕ್ಕಿಂತ ಹೆಚ್ಚು ವಹಿವಾಟು ನಡೆದಿದೆ. ಅದರಲ್ಲಿ ಒಂದೇ ಷೇರು ಎರಡು ಮೂರು ಬಾರಿ ಕೈ ಬದಲಿಸಿದ್ದೂ ಸೇರಿರಬಹುದು, ಆದರೂ ದೊಡ್ಡ ಕೈಗಳು ಬಿಚ್ಚಿಕೊಂಡಿರುವುದು ಬಹುಮಟ್ಟಿಗೆ ಖಚಿತ. ಹದಿನೈದು ದಿನ ಹೀಗೆ ನಡೆದು 45 ಲಕ್ಷ ಷೇರು ಸರಾಸರಿ ₹52ಕ್ಕೆ ಹೋದರೆ ಕೈಗೆ ಬರುವ ಹಣ ₹23.4 ಕೋಟಿ. ₹12ರ ಲೆಕ್ಕದಲ್ಲಿ ಅವುಗಳ ಬೆಲೆ ₹5.4 ಕೋಟಿ ಮಾತ್ರ.

ಚಾರ್ಟಿನಲ್ಲಿ ಇದರ ರೂಪ ಹೀಗಿರುತ್ತದೆ: ಕೆಳಗೆ ವಾಲ್ಯೂಮ್ ಕಂಬಗಳು ಹಿಂದೆಂದೂ ಇಲ್ಲದ ಎತ್ತರದಲ್ಲಿ, ಮೇಲೆ ಬೆಲೆ ₹50ರಿಂದ ₹60ರ ನಡುವೆ ಹೊರಳಾಡುತ್ತ ಮುಂದೆ ಹೋಗಲಾರದೆ ನಿಂತಿದೆ. ಅಲ್ಪ ವಾಲ್ಯೂಮಿನಲ್ಲಿ ನಾಲ್ಕು ಪಟ್ಟು ಏರಿದ ಷೇರು ಇನ್ನೂರು ಪಟ್ಟು ವಾಲ್ಯೂಮಿನಲ್ಲಿ ಶೇಕಡಾ 10 ಕೂಡ ಏರುತ್ತಿಲ್ಲ. ನಿಜವಾದ ಬೇಡಿಕೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಬೆಲೆ ಜಿಗಿದು ಸಂಜೆಗೆ ಕೆಳಗೆ ಮುಗಿಯುತ್ತದೆ. ಕ್ಯಾಂಡಲ್‌ಗೆ ಮೇಲ್ಗಡೆ ಉದ್ದನೆಯ ಬತ್ತಿ ಮೂಡುತ್ತದೆ. ಬೆಳಗಿನ ಸುದ್ದಿ ನೋಡಿ ಕೊಳ್ಳಲು ಬಂದವರಿಗೆ ದಿನವಿಡೀ ಯಾರೋ ಮಾರಿದ್ದರ ಗುರುತು ಅದು. ಆ ದಿನಗಳ ವಿಡಿಯೊಗಳನ್ನೂ ಸಂದೇಶಗಳನ್ನೂ ಈ ಕ್ಯಾಂಡಲ್‌ಗಳ ಪಕ್ಕ ಇಟ್ಟು ನೋಡಿದರೆ ಒಂದು ನಂಟು ಕಾಣುತ್ತದೆ. ಪ್ರಚಾರ ಜೋರಾದ ದಿನವೇ ಬತ್ತಿ ಉದ್ದ.

ಕೊನೆಯ ಹಂತಕ್ಕೆ ಗುರುತು ಹುಡುಕಬೇಕಾಗಿಲ್ಲ, ಆಗ ಮಾಡಲು ಬಹಳ ಉಳಿದಿರುವುದೂ ಇಲ್ಲ. ಆಪರೇಟರ್ ಕೊಳ್ಳುವ ಆರ್ಡರ್ ಹಾಕುವುದನ್ನು ನಿಲ್ಲಿಸುತ್ತಾನೆ. ಒಂದು ಬೆಳಿಗ್ಗೆ ಬೆಲೆಪಟ್ಟಿ ತೆರೆದರೆ ಚಿತ್ರ ತಲೆಕೆಳಗಾಗಿದೆ. ಮಾರುವವರ ಕಡೆ ಲೋವರ್ ಸರ್ಕ್ಯೂಟ್ ಬೆಲೆಗೆ 6,40,000 ಷೇರು, ಕೊಳ್ಳುವವರ ಕಡೆ ಸೊನ್ನೆ. ದಿನವಿಡೀ ಅಲ್ಲೊಂದು ಇಲ್ಲೊಂದು ಸೇರಿ 4,000 ಷೇರು ಮಾರಾಟವಾಗುತ್ತದೆ. ಒಂದೇ ಬೆಲೆಗೆ ಹಲವರು ನಿಂತಾಗ ಮೊದಲು ಬಂದ ಆರ್ಡರ್‌ಗೆ ಮೊದಲ ಪಾಳಿ. ಸಂಜೆಗೆ ಆ ದಿನದ ಆರ್ಡರ್‌ಗಳು ರದ್ದಾಗಿ, ಮರುದಿನ ಸರತಿ ಹೊಸದಾಗಿ ಶುರುವಾಗುತ್ತದೆ. ನಮ್ಮ ಶಿಕ್ಷಕರ 1,000 ಷೇರು ಆ ಸಾಲಿನಲ್ಲಿ ಎಲ್ಲೋ ಹಿಂದೆ. ದಿನಕ್ಕೆ ಶೇಕಡಾ 5ರಂತೆ ಇಳಿಯುತ್ತ ₹55 ಇದ್ದ ಬೆಲೆ 20 ದಿನಗಳಲ್ಲಿ ₹20ರ ಕೆಳಕ್ಕೆ ಬರುತ್ತದೆ. ಅವರು ಕೊಟ್ಟ ₹57,000 ಪರದೆಯ ಮೇಲೆ ₹19,700 ಎಂದು ಕಾಣುತ್ತದೆ, ಅದೂ ಮಾರಲು ಸಾಧ್ಯವಾದರೆ.

ಸ್ಟಾಪ್‌ಲಾಸ್ ಹಾಕಿದರೆ ಪಾರಾಗಬಹುದು ಎಂಬುದು ಹೊಸಬರಿಗೆ ಮತ್ತೆ ಮತ್ತೆ ಹೇಳಿಕೊಡುವ ಮಾತು. ದೊಡ್ಡ ಷೇರುಗಳಲ್ಲಿ ಅದು ಬಹುಮಟ್ಟಿಗೆ ಸರಿ. ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಸ್ಟಾಪ್‌ಲಾಸ್ ಎಂದರೆ ಬೆಲೆ ಇಂತಿಷ್ಟಕ್ಕೆ ಇಳಿದಾಗ ಮಾರುವ ಆರ್ಡರ್ ತಾನಾಗಿ ಹೊರಡುವ ಏರ್ಪಾಡು. ಆರ್ಡರ್ ಹೊರಡುತ್ತದೆ, ಆದರೆ ಎದುರಿಗೆ ಕೊಳ್ಳುವವರಿಲ್ಲದಿದ್ದರೆ ಸಾಲಿನಲ್ಲಿ ಹೋಗಿ ನಿಲ್ಲುತ್ತದೆ, ಅಷ್ಟೇ. ಏರುವಾಗ ಅಪ್ಪರ್ ಸರ್ಕ್ಯೂಟ್ ಕೊಳ್ಳುವವರನ್ನು ಹೊರಗಿಟ್ಟಂತೆ, ಇಳಿಯುವಾಗ ಲೋವರ್ ಸರ್ಕ್ಯೂಟ್ ಮಾರುವವರನ್ನು ಒಳಗೇ ಕೂಡಿಹಾಕುತ್ತದೆ. ಹೂಡಿಕೆದಾರರ ರಕ್ಷಣೆಗೆಂದು ಇಟ್ಟ ಮಿತಿ ಈ ಆಟದಲ್ಲಿ ಆಪರೇಟರ್‌ಗೆ ಒದಗಿಬರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಚಾರ್ಟಿನ ಈ ಗುರುತುಗಳು ಅನುಮಾನ ಹುಟ್ಟಿಸುತ್ತವೆ, ಸಾಬೀತು ಮಾಡುವುದಿಲ್ಲ. ಪ್ರಾಮಾಣಿಕ ಕಂಪನಿಯೂ ದೊಡ್ಡ ಆರ್ಡರ್ ಪಡೆದಾಗ, ಬಹುಕಾಲದ ಮೇಲೆ ಮತ್ತೆ ಪೇಟೆಗೆ ಬಂದಾಗ, ದಿವಾಳಿಯಿಂದ ಎದ್ದಾಗ ಹತ್ತು ದಿನ ಅಪ್ಪರ್ ಸರ್ಕ್ಯೂಟ್ ಮುಟ್ಟಬಹುದು. ಅನುಮಾನ ನಿಜವೋ ಅಲ್ಲವೋ ಎಂದು ತಿಳಿಯಲು ಚಾರ್ಟ್ ಬಿಟ್ಟು ಕಂಪನಿಯ ಕಾಗದಗಳತ್ತ ಹೋಗಬೇಕು. ಅವು ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ.

ಮೊದಲನೆಯದು ಕಂಪನಿ ಪೇಟೆಗೆ ಸಲ್ಲಿಸುವ ಪ್ರಕಟಣೆಗಳು. ಬೆಲೆಯ ಮೇಲೆ ಪರಿಣಾಮ ಬೀರುವಂಥ ಒಪ್ಪಂದ, ಮಾರಾಟ, ಸ್ವಾಧೀನ ಏನಿದ್ದರೂ ಪಟ್ಟಿಯಾದ ಕಂಪನಿ ಅದನ್ನು ತಡಮಾಡದೆ, ಹೆಚ್ಚೆಂದರೆ 24 ಗಂಟೆಗಳಲ್ಲಿ, ಪೇಟೆಗೆ ತಿಳಿಸಬೇಕೆಂದು ಸೆಬಿಯ 2015ರ ನಿಯಮಾವಳಿ ಹೇಳುತ್ತದೆ. ₹1,100 ಕೋಟಿಯ ಒಪ್ಪಂದ ನಿಜವಾಗಿದ್ದರೆ ಅದು ವಿಡಿಯೊದಲ್ಲಿ ಮೊದಲು ಬರಲು ಸಾಧ್ಯವೇ ಇರಲಿಲ್ಲ. ಸುದ್ದಿ ವಿಡಿಯೊದಲ್ಲಿದ್ದು ಪ್ರಕಟಣೆಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬೆಲೆ ಕಾರಣವಿಲ್ಲದೆ ಏರಿದಾಗ ಪೇಟೆ ತಾನೇ ಕಂಪನಿಯಿಂದ ಸ್ಪಷ್ಟೀಕರಣ ಕೇಳುವುದುಂಟು. ತಿಳಿಸದೆ ಉಳಿದ ವಿಷಯ ಏನೂ ಇಲ್ಲ, ಏರಿಕೆ ಪೇಟೆಯಿಂದಲೇ ಆದದ್ದು ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಇದನ್ನು ಅಕ್ಷರಶಃ ಓದಿಕೊಳ್ಳುವುದು ಒಳ್ಳೆಯದು. ಏರಿಕೆಗೆ ತನ್ನಲ್ಲಿ ಕಾರಣವಿಲ್ಲ ಎಂದು ಕಂಪನಿಯೇ ಹೇಳುತ್ತಿದೆ.

ಎರಡನೆಯದು ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ಪಟ್ಟಿ. ಎರಡು ತ್ರೈಮಾಸಿಕಗಳದ್ದನ್ನು ಅಕ್ಕಪಕ್ಕ ತೆರೆದು, ಪ್ರವರ್ತಕರ ಶೇಕಡಾ, ಶೇಕಡಾ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರುಗಳು, ಸಣ್ಣ ಷೇರುದಾರರ ಸಂಖ್ಯೆ ಇವು ಮೂರನ್ನು ಹೋಲಿಸಿದರೆ ಸಾಕು. ದೊಡ್ಡ ಹೆಸರುಗಳು ಪಟ್ಟಿಯಿಂದ ಕರಗಿ, ಸಣ್ಣವರ ಸಂಖ್ಯೆ ಹಲವು ಪಟ್ಟು ಬೆಳೆದಿದ್ದರೆ ಷೇರು ಯಾರಿಂದ ಯಾರಿಗೆ ದಾಟಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇದರ ಕೊರತೆ ಒಂದೇ, ಪಟ್ಟಿ ತಡವಾಗಿ ಬರುತ್ತದೆ. ತ್ರೈಮಾಸಿಕ ಮುಗಿದು 21 ದಿನಗಳವರೆಗೆ ಕಂಪನಿಗೆ ಅವಕಾಶವಿದೆ, ಅಷ್ಟರಲ್ಲಿ ಡಂಪ್ ಮುಗಿದಿರಬಹುದು. ಆ ನಡುವಿನ ಅವಧಿಗೆ ಬಲ್ಕ್ ಡೀಲ್ ಪಟ್ಟಿ ಅಷ್ಟಿಷ್ಟು ನೆರವಾಗುತ್ತದೆ. ಕಂಪನಿಯ ಒಟ್ಟು ಷೇರುಗಳಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚನ್ನು ಒಬ್ಬರು ಒಂದೇ ದಿನ ಕೊಂಡರೆ ಅಥವಾ ಮಾರಿದರೆ ಆ ಹೆಸರು ಅದರಲ್ಲಿ ಬರುತ್ತದೆ. ಅನುಭವಿ ಆಪರೇಟರ್‌ಗಳು ಈ ಮಿತಿಯ ಕೆಳಗೇ ಹಂಚಿ ಮಾರುತ್ತಾರೆ ಎಂಬುದೂ ನಿಜ.

ಮೂರನೆಯದು ಪೇಟೆಗಳೇ ಹಚ್ಚುವ ಎಚ್ಚರಿಕೆಯ ಗುರುತು. ಜಿಎಸ್‌ಎಂ ಎಂಬ ನಿಗಾ ವ್ಯವಸ್ಥೆ 2017ರಿಂದಲೂ ಎಎಸ್‌ಎಂ 2018ರಿಂದಲೂ ಇವೆ. ಅಸಹಜವಾಗಿ ಏರಿಳಿದ ಷೇರನ್ನು ಈ ಪಟ್ಟಿಗೆ ಸೇರಿಸಿ, ಸರ್ಕ್ಯೂಟ್ ಮಿತಿಯನ್ನು ಕುಗ್ಗಿಸಿ, ಪೂರ್ತಿ ಹಣವನ್ನು ಮೊದಲೇ ಇಡಬೇಕೆಂದು ವಿಧಿಸಲಾಗುತ್ತದೆ. ಆರ್ಡರ್ ಹಾಕುವಾಗ ದಲ್ಲಾಳಿಯ ಆ್ಯಪ್ ಇದನ್ನು ತೋರಿಸುತ್ತದೆ. ಬಹಳ ಜನ ಅದನ್ನು ಓದದೆ ಸರಿಸಿ ಮುಂದೆ ಹೋಗುತ್ತಾರೆ. ಶಿಫಾರಸು ಮಾಡುತ್ತಿರುವವರು ಯಾರು ಎಂಬುದನ್ನೂ ಅಷ್ಟೇ ಸುಲಭವಾಗಿ ಪರಿಶೀಲಿಸಬಹುದು. ನೋಂದಾಯಿತ ಸಂಶೋಧನಾ ವಿಶ್ಲೇಷಕರ ಸಂಖ್ಯೆ INH ಎಂದೂ ಹೂಡಿಕೆ ಸಲಹೆಗಾರರ ಸಂಖ್ಯೆ INA ಎಂದೂ ಆರಂಭವಾಗುತ್ತದೆ. ಸೆಬಿಯ ಜಾಲತಾಣದಲ್ಲಿ ಹುಡುಕಿದರೆ ಹೆಸರು ಸಿಗಬೇಕು. 2025ರ ಜನವರಿಯ ಸುತ್ತೋಲೆಯ ಪ್ರಕಾರ, ಕೇವಲ ಶಿಕ್ಷಣ ನೀಡುತ್ತೇವೆ ಎನ್ನುವವರು ಷೇರಿನ ಹೆಸರಿನೊಂದಿಗೆ ಮುಂದಿನ ಬೆಲೆ ಸೂಚಿಸಲು ಹಿಂದಿನ ಮೂರು ತಿಂಗಳ ಬೆಲೆಯ ಮಾಹಿತಿಯನ್ನು ಬಳಸುವಂತಿಲ್ಲ. ನಿನ್ನೆಯ ಕ್ಯಾಂಡಲ್ ತೋರಿಸಿ ನಾಳೆಯ ಗುರಿ ಹೇಳುವ ನೋಂದಣಿಯಿಲ್ಲದ ಚಾನೆಲ್ ನಿಯಮ ಮೀರುತ್ತಿದೆ ಎಂದೇ ಅರ್ಥ.

ಸಿಕ್ಕಿಬಿದ್ದವರಿಗೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಕೊಡುವ ದಾರಿ ಇದೆ. ವಿಡಿಯೊದ ಕೊಂಡಿ, ಸಂದೇಶದ ಚಿತ್ರ, ತಾರೀಖು, ಕೊಂಡ ದಿನದ ಕಾಂಟ್ರಾಕ್ಟ್ ನೋಟ್ ಇವನ್ನು ತೆಗೆದಿಟ್ಟುಕೊಂಡಿದ್ದರೆ ದೂರಿಗೆ ಬಲ ಬರುತ್ತದೆ, ಏಕೆಂದರೆ ಡಂಪ್ ಮುಗಿದ ಮೇಲೆ ವಿಡಿಯೊಗಳನ್ನು ಅಳಿಸಿಬಿಡುವುದು ಸುಲಭ. ಹಣ ವಾಪಸು ಬರುವ ಭರವಸೆಯನ್ನು ಮಾತ್ರ ಯಾರೂ ಕೊಡಲಾರರು. ಸಾಧನಾ ಪ್ರಕರಣದಲ್ಲಿ ವಿಡಿಯೊ ಬಂದದ್ದು 2022ರಲ್ಲಿ, ಅಂತಿಮ ಆದೇಶ ಬಂದದ್ದು 2025ರಲ್ಲಿ. ವಸೂಲಾದ ಅಕ್ರಮ ಲಾಭ ಸಾಮಾನ್ಯವಾಗಿ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ, ಕಳೆದುಕೊಂಡ ಒಬ್ಬೊಬ್ಬರ ಖಾತೆಗೆ ನೇರವಾಗಿ ಅಲ್ಲ.

ಆ ನಡುವೆ ಷೇರು ಪೇಟೆಯಲ್ಲಿ ಉಳಿದೇ ಇರುತ್ತದೆ. ಚಾರ್ಟಿನ ನಡುವೆ ಒಂದು ಗೋಪುರ, ಅದರ ಬಲಕ್ಕೆ ಮತ್ತೆ ನೆಲಕ್ಕಂಟಿದ ಉದ್ದನೆಯ ಗೆರೆ, ದಿನಕ್ಕೆ ಕೆಲವೇ ಸಾವಿರ ಷೇರಿನ ವಹಿವಾಟು. ಎರಡು ಮೂರು ವರ್ಷದ ಮೇಲೆ ಅದೇ ಷೇರು ಇನ್ನೊಂದು ಹೆಸರಿನಲ್ಲಿ, ಇನ್ನೊಂದು ವ್ಯಾಪಾರದ ಮಾತಿನೊಂದಿಗೆ ಮತ್ತೆ ಕಾಣಿಸಿಕೊಳ್ಳಬಹುದು. ಸಾಧನಾ ಬ್ರಾಡ್‌ಕಾಸ್ಟ್ ಕೂಡ ನಂತರ ಕ್ರಿಸ್ಟಲ್ ಬಿಸಿನೆಸ್ ಸಿಸ್ಟಮ್ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಿಸುವುದು ತಾನಾಗಿ ತಪ್ಪಲ್ಲ, ಅನೇಕ ಕಂಪನಿಗಳು ನ್ಯಾಯವಾದ ಕಾರಣಕ್ಕೇ ಬದಲಿಸುತ್ತವೆ. ಆದರೆ ಚಾರ್ಟನ್ನು ಒಂದು ವರ್ಷಕ್ಕೆ ಬದಲು ಹತ್ತು ವರ್ಷಕ್ಕೆ ಹಿಗ್ಗಿಸಿ ನೋಡಿದರೆ ಹಳೆಯ ಗೋಪುರ ಅಲ್ಲಿಯೇ ಇರುತ್ತದೆ, ಪೇಟೆಯ ಜಾಲತಾಣದ ಕಂಪನಿ ವಿವರದಲ್ಲಿ ಹಿಂದಿನ ಹೆಸರುಗಳೂ ಬದಲಾದ ತಾರೀಖುಗಳೂ ಸಿಗುತ್ತವೆ.